ಮುಸ್ಸಂಜೆಯ ನೀಲಿಯಲ್ಲಿ ವಿಲ್ಲಾ: ಬ್ಲೆಂಡರ್‌ನಲ್ಲಿ ಚಿತ್ರ ಮಾಡುವುದು ಹೇಗೆ?

ದೇವನಹಳ್ಳಿ ಕಡೆಯ ಒಂದು ವಿಲ್ಲಾ. ಎರಡು ಮಹಡಿ, ಪಶ್ಚಿಮಕ್ಕೆ ಮುಖ, ಮುಂದೆ ಈಜುಕೊಳ. ಕಟ್ಟಡ ಇನ್ನೂ ಪ್ಲಾಸ್ಟರಿಂಗ್ ಹಂತದಲ್ಲಿತ್ತು. ಆದರೆ ಮಾರಾಟದ ಜಾಹೀರಾತಿಗೆ ಮುಖ್ಯ ಚಿತ್ರ ಆಗಲೇ ಬೇಕಿತ್ತು. ಕಡುನೀಲಿ ಆಕಾಶ, ಬೆಳಗುವ ಕಿಟಕಿಗಳು, ನೀರಿನಲ್ಲಿ ಅವುಗಳ ಬಿಂಬ.

ನನ್ನ ಮೊದಲ ಪ್ರಯತ್ನದಲ್ಲಿ ಪ್ರತಿ ಕಿಟಕಿಯ ಹಿಂದೆ ಹೊಳೆಯುವ ಒಂದು ಹಳದಿ ಹಾಳೆ ಇಟ್ಟಿದ್ದೆ. ಆಕಾಶಕ್ಕೆ ನೀಲಿ ಬಣ್ಣ ತುಂಬಿದ್ದೆ. ಚಿತ್ರ ನೋಡಿದ ಆರ್ಕಿಟೆಕ್ಟ್, "ಕಿಟಕಿಗೆ ಸ್ಟಿಕ್ಕರ್ ಅಂಟಿಸಿದ ಹಾಗಿದೆ" ಎಂದರು. ಅವರ ಮಾತು ಸರಿಯಾಗಿತ್ತು. ಎರಡು ಬೆಳಕುಗಳು ಒಂದಕ್ಕೊಂದು ಹೊಂದಿರಲಿಲ್ಲ.

ಮುಸ್ಸಂಜೆಯ ಚಿತ್ರದ ಗುಟ್ಟು ಇರುವುದೇ ಈ ಹೊಂದಿಕೆಯಲ್ಲಿ. ಹಗಲಿನಲ್ಲಿ ಆಕಾಶದ ಮುಂದೆ ಮನೆಯ ದೀಪ ಕಾಣುವುದಿಲ್ಲ. ರಾತ್ರಿ ದೀಪದ ಮುಂದೆ ಆಕಾಶ ಕಾಣುವುದಿಲ್ಲ. ನಡುವೆ ಕೆಲವೇ ನಿಮಿಷ ಎರಡೂ ಹತ್ತಿರ ಹತ್ತಿರ ಬರುತ್ತವೆ. ಸೂರ್ಯ ಮುಳುಗಿ, ದಿಗಂತದಿಂದ 6 ಡಿಗ್ರಿ ಕೆಳಗೆ ಹೋಗಲು ಬೆಂಗಳೂರಿನಲ್ಲಿ 20 ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ನಮಗೆ ಬೇಕಾದ ನೀಲಿ ಈ ಹೊತ್ತಿನ ಕೊನೆಯ ಭಾಗದಲ್ಲಿ ಬರುತ್ತದೆ. ಆಗ ಸೂರ್ಯನ ಬೆಳಕು ವಾತಾವರಣದಲ್ಲಿ ತುಂಬ ದೂರ ಓರೆಯಾಗಿ ಸಾಗಿ ಬರುತ್ತದೆ. ದಾರಿಯಲ್ಲಿ ಓಝೋನ್ ಪದರ ಅದರಲ್ಲಿನ ಹಳದಿ, ಕಿತ್ತಳೆ ಬಣ್ಣಗಳನ್ನು ಹೀರಿಕೊಳ್ಳುತ್ತದೆ. ಅದಕ್ಕೇ ನೆತ್ತಿಯ ಮೇಲಿನ ನೀಲಿ ಅಷ್ಟು ಗಾಢ.

ಈ ಲೇಖನದಲ್ಲಿ ನಾನು ಬಳಸುವುದು ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್ ಮತ್ತು ಅದರಲ್ಲಿ ಚಿತ್ರ ರೆಂಡರ್ ಮಾಡುವ ಸೈಕಲ್ಸ್ ಎಂಜಿನ್. ಬೇರೆ ಸಾಫ್ಟ್‌ವೇರ್‌ನಲ್ಲಿ ಗುಂಡಿಗಳ ಹೆಸರು ಬದಲಾಗುತ್ತದೆ, ಲೆಕ್ಕ ಬದಲಾಗುವುದಿಲ್ಲ.

ಮೊದಲು ಆಕಾಶ, ಅದೂ ಸರಿಯಾದ ದಿಕ್ಕಿಗೆ

ಬ್ಲೆಂಡರ್‌ನ Sky Texture ಹಗಲಿಗೆ ಚೆನ್ನಾಗಿದೆ. ಸೂರ್ಯನನ್ನು ದಿಗಂತದ ಕೆಳಗೆ ಇಳಿಸಿದಾಗ ಅದರಿಂದ ನನಗೆ ಬೇಕಾದ ನೀಲಿ ಸಿಕ್ಕಿಲ್ಲ. ಹಾಗಾಗಿ ಮುಸ್ಸಂಜೆಯಲ್ಲಿ ತೆಗೆದ ಎಚ್‌ಡಿಆರ್‌ಐ, ಅಂದರೆ ಸುತ್ತಲಿನ ಆಕಾಶವನ್ನೂ ಅದರ ಬೆಳಕಿನ ಪ್ರಮಾಣವನ್ನೂ ಹಿಡಿದಿಟ್ಟ ಚಿತ್ರ, ಬಳಸುತ್ತೇನೆ. ಪಾಲಿ ಹೇವನ್ ತಾಣದಲ್ಲಿ ಇವು ಉಚಿತವಾಗಿ ಸಿಗುತ್ತವೆ, ವಾಣಿಜ್ಯ ಕೆಲಸಕ್ಕೂ ಬಳಸಬಹುದು. ಸೂರ್ಯ ಪೂರ್ತಿ ಮುಳುಗಿರುವ, ಮೋಡ ಕಡಿಮೆ ಇರುವ ಚಿತ್ರ ಆರಿಸಿ. ಸೂರ್ಯ ಸ್ವಲ್ಪ ಕಂಡರೂ ಗೋಡೆಯ ಮೇಲೆ ಚೂಪಾದ ನೆರಳು ಬೀಳುತ್ತದೆ. ಮುಸ್ಸಂಜೆಯಲ್ಲಿ ಅಂಥ ನೆರಳು ಇರುವುದಿಲ್ಲ.

ಇನ್ನು ದಿಕ್ಕು. ಸಂಜೆ ಪಶ್ಚಿಮದ ಅಂಚಿನಲ್ಲಿ ಬೆಳಕು ಉಳಿದಿರುತ್ತದೆ, ಪೂರ್ವ ಆಗಲೇ ಕಡುನೀಲಿಯಾಗಿರುತ್ತದೆ. ನಮ್ಮ ವಿಲ್ಲಾದ ಮುಖ ಪಶ್ಚಿಮಕ್ಕೆ. ಕ್ಯಾಮೆರಾ ಪಶ್ಚಿಮದಲ್ಲಿ ನಿಂತು ಪೂರ್ವಕ್ಕೆ ನೋಡುತ್ತದೆ. ಮನೆಯ ಹಿಂದೆ ಕಡುನೀಲಿ, ಮುಂದಿನ ಗೋಡೆಯ ಮೇಲೆ ಪಶ್ಚಿಮದ ಮೆದು ಬೆಳಕು. ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಎಚ್‌ಡಿಆರ್‌ಐನಲ್ಲಿ ಬೆಳಕಿರುವ ಅಂಚು ಕ್ಯಾಮೆರಾದ ಬೆನ್ನಿಗೆ ಬರುವಂತೆ Mapping ನೋಡ್‌ನ Z ತಿರುಗಿಸಿ. ಪೂರ್ವಕ್ಕೆ ಮುಖವಿರುವ ಮನೆಯಾದರೆ ಹೀಗೆ ತಿರುಗಿಸುವುದು ಸುಳ್ಳಾಗುತ್ತದೆ. ಅಂಥ ಮನೆಗೆ ಸೂರ್ಯೋದಯಕ್ಕೆ ಮುಂಚಿನ ನೀಲಿಯನ್ನು ತೋರಿಸಿ. ಬೆಳಕಿನ ಅಂಚು ಆಗ ಪೂರ್ವದಲ್ಲೇ ಇರುತ್ತದೆ.

ಕಿಟಕಿಯ ಹಿಂದೆ ಕೋಣೆ ಇರಬೇಕು

ಹಳದಿ ಹಾಳೆ ಏಕೆ ಸ್ಟಿಕ್ಕರ್ ಥರ ಕಾಣುತ್ತದೆ? ಎಲ್ಲ ಕಡೆ ಒಂದೇ ಸಮ ಬೆಳಗುತ್ತದೆ, ಅದಕ್ಕೆ. ನಿಜವಾದ ಕೋಣೆಯಲ್ಲಿ ಸೀಲಿಂಗ್ ಹತ್ತಿರ ಬೆಳಕು ಜಾಸ್ತಿ, ಸೋಫಾದ ಹಿಂದೆ ಕಡಿಮೆ. ಪರದೆಯ ಅಂಚಿನಲ್ಲಿ ಮಬ್ಬು. ಆದ್ದರಿಂದ ಕ್ಯಾಮೆರಾಗೆ ಕಾಣುವ ಪ್ರತಿ ಕೋಣೆಗೂ ಹಿಂದಿನ ಗೋಡೆ, ಸೀಲಿಂಗ್, ಪರದೆ ಮತ್ತು ಒಂದೆರಡು ಪೀಠೋಪಕರಣ ಹಾಕಿ. ದೂರದ ಕಿಟಕಿಗೆ ಸರಳ ಪೆಟ್ಟಿಗೆಯಂಥ ಕೋಣೆಯೂ ಸಾಕು. ದೀಪಗಳನ್ನು ನಿಜವಾಗಿ ಇರುವ ಜಾಗದಲ್ಲೇ ಇಡಿ. ಎಲ್ಲ ಕಿಟಕಿಗಳನ್ನೂ ಬೆಳಗಬೇಡಿ. ನಾನು ಮೇಲಿನ ಒಂದು ಬೆಡ್‌ರೂಮ್ ಅನ್ನು ಪೂರ್ತಿ ಕತ್ತಲೆಯಲ್ಲಿ ಬಿಟ್ಟೆ. ಅದರ ಗಾಜಿನಲ್ಲಿ ಪಶ್ಚಿಮದ ಆಕಾಶ ಬಿಂಬಿಸಿತು. ಉಳಿದ ಕಿಟಕಿಗಳು ನಿಜವಾಗಿ ಬೆಳಗುತ್ತಿವೆ ಎಂಬ ಭಾವನೆ ಬಂದದ್ದು ಅದರಿಂದಲೇ.

ದೀಪದ ಬಣ್ಣದಲ್ಲಿ ಬಹಳ ಜನ ಎಡವುತ್ತಾರೆ. ಮನೆಯ ಬೆಚ್ಚನೆಯ ಎಲ್‌ಇಡಿ 2700ರಿಂದ 3000 ಕೆಲ್ವಿನ್ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಅದೇ ಅಂಕಿಯನ್ನು Blackbody ನೋಡ್‌ಗೆ ಕೊಟ್ಟರೆ ಕಡು ಕಿತ್ತಳೆ ಬರುತ್ತದೆ. ನಮ್ಮ ಕಣ್ಣು ಆ ಬೆಳಕಿಗೆ ಹೊಂದಿಕೊಂಡುಬಿಡುತ್ತದೆ, ಬ್ಲೆಂಡರ್ 6500 ಕೆಲ್ವಿನ್ ಅನ್ನೇ ಬಿಳಿ ಎಂದುಕೊಂಡಿರುತ್ತದೆ. ದೀಪವನ್ನು 3000ದಲ್ಲೇ ಬಿಡಿ. Color Management ಒಳಗೆ White Balance ಚಾಲೂ ಮಾಡಿ, Temperature ಅನ್ನು 4500 ಹತ್ತಿರ ತನ್ನಿ. 4.3ನೇ ಆವೃತ್ತಿಯಿಂದ ಈ ಸೌಲಭ್ಯ ಇದೆ. ಕಿತ್ತಳೆ ಇಳಿದು ಜೇನಿನ ಬಣ್ಣವಾಗುತ್ತದೆ, ಜೊತೆಗೆ ಆಕಾಶದ ನೀಲಿಯೂ ಏರುತ್ತದೆ. ನೀಲಿ ನೇರಳೆಯ ಕಡೆ ವಾಲುವಂತೆ ಕಂಡರೆ ಅತಿಯಾಯಿತು ಎಂದರ್ಥ, ಸ್ವಲ್ಪ ಹಿಂದೆ ಬನ್ನಿ.

ಇನ್ನೊಂದು ತೊಂದರೆ ಬೇಗ ಕಣ್ಣಿಗೆ ಬೀಳುವುದಿಲ್ಲ. ಕಿಟಕಿ ಚೆನ್ನಾಗಿ ಬೆಳಗುತ್ತಿರುತ್ತದೆ, ಆದರೆ ಹೊರಗಿನ ಕಟ್ಟೆಯ ಮೇಲೆ ಆ ಬೆಳಕು ಬಿದ್ದಿರುವುದಿಲ್ಲ. ಸೈಕಲ್ಸ್‌ನಲ್ಲಿ ಗಾಜು ದೀಪದ ನೇರ ಬೆಳಕನ್ನು ತಡೆಯುತ್ತದೆ. ಗಾಜಿನ ಮೆಟೀರಿಯಲ್‌ನಲ್ಲಿ Glass BSDF ಮತ್ತು Transparent BSDF ಎರಡನ್ನೂ ಒಂದು Mix Shader ಮೂಲಕ ಸೇರಿಸಿ, ಅದರ Factorಗೆ Light Path ನೋಡ್‌ನ Is Shadow Ray ಕೊಡಿ. Transparent ಎರಡನೇ ಜಾಗದಲ್ಲಿರಲಿ. ತಕ್ಷಣ ಬಾಗಿಲ ಮುಂದೆ ನೆಲದ ಮೇಲೆ ಬೆಳಕಿನ ಪಟ್ಟಿ ಹರಡುತ್ತದೆ.

ಬಿಂಬ ಎಲ್ಲಿ ಬೀಳುತ್ತದೆ? ಲೆಕ್ಕ ಹಾಕಿ

ಕೊಳದ ಬಿಂಬವನ್ನು ಅದೃಷ್ಟಕ್ಕೆ ಬಿಡಬೇಡಿ. ಕ್ಯಾಮೆರಾ ಎಷ್ಟು ಎತ್ತರದಲ್ಲಿದೆ ಎಂಬುದೇ ಅದನ್ನು ತೀರ್ಮಾನಿಸುತ್ತದೆ. ನಮ್ಮ ದೃಶ್ಯದಲ್ಲಿ ಮನೆಯ ಗೋಡೆ ಕ್ಯಾಮೆರಾದಿಂದ 15 ಮೀಟರ್ ದೂರ. ಕೊಳ 3 ಮೀಟರ್‌ನಿಂದ 9 ಮೀಟರ್‌ವರೆಗೆ. ಎತ್ತರಗಳನ್ನೆಲ್ಲ ನೀರಿನ ಮಟ್ಟದಿಂದ ಅಳೆಯಿರಿ. ಗೋಡೆಯ ದೂರವನ್ನು ಕ್ಯಾಮೆರಾ ಎತ್ತರದಿಂದ ಗುಣಿಸಿ, ಕ್ಯಾಮೆರಾ ಮತ್ತು ಕಿಟಕಿಯ ಎತ್ತರಗಳ ಮೊತ್ತದಿಂದ ಭಾಗಿಸಿ. ಬಿಂಬ ಕ್ಯಾಮೆರಾದಿಂದ ಎಷ್ಟು ದೂರದಲ್ಲಿ ಕಾಣುತ್ತದೆ ಎಂಬುದು ಸಿಗುತ್ತದೆ.

ಮೊದಲು ನಾನು ಕ್ಯಾಮೆರಾವನ್ನು 1.2 ಮೀಟರ್‌ಗೆ ಇಟ್ಟಿದ್ದೆ. ಮೇಲಿನ ಮಹಡಿಯ ಕಿಟಕಿ 6 ಮೀಟರ್ ಎತ್ತರದಲ್ಲಿದೆ. 15ನ್ನು 1.2ರಿಂದ ಗುಣಿಸಿದರೆ 18, ಅದನ್ನು 7.2ರಿಂದ ಭಾಗಿಸಿದರೆ 2.5 ಮೀಟರ್. ಅಂದರೆ ಬಿಂಬ ನೀರು ಶುರುವಾಗುವ ಮುಂಚೆಯೇ, ಈಚೆ ಕಡೆಯ ಕಲ್ಲಿನ ಮೇಲೆ ಬರಬೇಕು! ಅಲ್ಲಿ ನೀರೇ ಇಲ್ಲ, ಬಿಂಬವೂ ಇಲ್ಲ. ಕ್ಯಾಮೆರಾವನ್ನು 1.6 ಮೀಟರ್‌ಗೆ ಏರಿಸಿದೆ. ಈಗ ಅದೇ ಲೆಕ್ಕ 3.2 ಮೀಟರ್ ಹತ್ತಿರ ಬಂತು. ಮೇಲಿನ ಕಿಟಕಿ ಕೊಳದ ಈಚೆ ಅಂಚಿನಲ್ಲಿ ಕಾಣಿಸಿಕೊಂಡಿತು. 3 ಮೀಟರ್ ಎತ್ತರದ ಕೆಳಗಿನ ಕಿಟಕಿಯ ಬಿಂಬ 5.2 ಮೀಟರ್ ದೂರಕ್ಕೆ, ಕೊಳದ ನಡುವೆ ಬಂತು.

ಹಾಗಾದರೆ ಇನ್ನೂ ಎತ್ತರಕ್ಕೆ ಹೋಗಬಹುದಲ್ವಾ? ಬೇಡ. ನೀರನ್ನು ನೇರ ಮೇಲಿನಿಂದ ನೋಡಿದರೆ ಬೆಳಕಿನ ಐವತ್ತರಲ್ಲಿ ಒಂದು ಪಾಲು ಮಾತ್ರ ಮರಳುತ್ತದೆ. ನೋಟ ಓರೆಯಾದಷ್ಟೂ ಅದು ಏರುತ್ತದೆ. ನಮ್ಮ ಕೆಳಗಿನ ಕಿಟಕಿಯ ಬಿಂಬದ ಜಾಗದಲ್ಲಿ ಸುಮಾರು ಆರರಲ್ಲಿ ಒಂದು ಪಾಲು. ನೀರಿನ ಮಟ್ಟಕ್ಕೆ 10 ಡಿಗ್ರಿಯಷ್ಟು ಓರೆಯಾದರೆ ಮೂರರಲ್ಲಿ ಒಂದು ಪಾಲು. ಡ್ರೋನ್ ನೋಟದಲ್ಲಿ ಬಿಂಬ ಸಪ್ಪೆಯಾಗುವುದು ಇದಕ್ಕೇ. ನೀರಿನ IOR 1.33 ಎಂದು ಕೊಟ್ಟರೆ ಇದನ್ನೆಲ್ಲ ಸೈಕಲ್ಸ್ ತಾನೇ ನೋಡಿಕೊಳ್ಳುತ್ತದೆ.

ಬಿಂಬ ಮಂಕಾಗಿದ್ದರೆ ಕೊಳದೊಳಗಿನ ದೀಪಗಳನ್ನು ಮೊದಲು ನೋಡಿ. ನೀರೇ ಹೊಳೆಯತೊಡಗಿದರೆ ಬಿಂಬ ಅದರಲ್ಲಿ ಮುಳುಗಿಹೋಗುತ್ತದೆ. ಅಲೆಗೆ Noise Texture ಅನ್ನು Bump ಮೂಲಕ ಕೊಡಿ, ತೀರಾ ಸ್ವಲ್ಪ. ಕಿಟಕಿಯ ಬಿಂಬ ಕೆಳಗೆ ಉದ್ದಕ್ಕೆ ಎಳೆದಂತೆ ಕಂಡು, ಅಂಚು ಅಲ್ಲಲ್ಲಿ ಒಡೆದರೆ ಸಾಕು. ಕನ್ನಡಿಯಂತೆ ನಿಶ್ಚಲವಾದ ನೀರು ನಕಲಿ ಅನಿಸುತ್ತದೆ.

ಒಂದೇ ರೆಂಡರ್, ನಾಲ್ಕು ಗುಂಪು

ಈಗ ಹೊಂದಿಕೆಯ ಕೆಲಸ. ದೀಪ ಬದಲಿಸಿದಾಗಲೆಲ್ಲ ಮತ್ತೆ ರೆಂಡರ್ ಮಾಡುತ್ತ ಕೂತರೆ ದಿನಗಳೇ ಹೋಗುತ್ತವೆ. 3.2ನೇ ಆವೃತ್ತಿಯಿಂದ ಬಂದ Light Groups ಇಲ್ಲಿ ಕೈ ಹಿಡಿಯುತ್ತದೆ. View Layer ಟ್ಯಾಬ್‌ನಲ್ಲಿ ನಾಲ್ಕು ಗುಂಪು ಮಾಡಿ: ಆಕಾಶ, ಒಳಗಿನ ದೀಪ, ಕೊಳದ ದೀಪ, ತೋಟದ ದೀಪ. ಪ್ರತಿ ದೀಪವನ್ನೂ ಅದರ ಗುಂಪಿಗೆ ಸೇರಿಸಿ. ಆಕಾಶವನ್ನು World ಟ್ಯಾಬ್‌ನಲ್ಲಿ ಸೇರಿಸಬೇಕು, ಇದನ್ನು ಮರೆಯುವವರು ಜಾಸ್ತಿ. ರೆಂಡರ್ ಮುಗಿದ ಮೇಲೆ ಕಾಂಪೊಸಿಟರ್‌ನಲ್ಲಿ ಪ್ರತಿ ಗುಂಪಿಗೂ Denoise, ಆಮೇಲೆ Exposure ನೋಡ್ ಹಾಕಿ, ನಾಲ್ಕನ್ನೂ Add ಮಾಡಿ. Exposure 1 ಏರಿಸಿದರೆ ಬೆಳಕು ದುಪ್ಪಟ್ಟು, 1 ಇಳಿಸಿದರೆ ಅರ್ಧ.

ಎಷ್ಟಕ್ಕೆ ನಿಲ್ಲಿಸಬೇಕು? ಕಣ್ಣಳತೆಗಿಂತ ಅಂಕಿ ನೋಡುವುದು ಒಳ್ಳೆಯದು. ರೆಂಡರ್ ಚಿತ್ರದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ಹಿಡಿದರೆ ಆ ಜಾಗದ R, G, B ಅಂಕಿಗಳು ಕೆಳಗೆ ಕಾಣುತ್ತವೆ. ನಾನು G ನೋಡುತ್ತೇನೆ, ಕಣ್ಣಿಗೆ ಕಾಣುವ ಹೊಳಪಿಗೆ ಅದು ಹತ್ತಿರ. ಚಾವಣಿಯ ಮೇಲಿನ ಆಕಾಶ 0.1 ಇತ್ತು. ಹಾಲ್‌ನ ಹಿಂದಿನ ಗೋಡೆ 1.6. ಹದಿನಾರು ಪಟ್ಟು, ಅಂದರೆ Exposure ಲೆಕ್ಕದಲ್ಲಿ 4 ಜಾಸ್ತಿ. ಅದಕ್ಕೇ ಕಿಟಕಿಯೊಳಗೆ ಏನೂ ಕಾಣದೆ ಬಿಳಿಯಾಗಿತ್ತು. ಒಳಗಿನ ದೀಪದ Exposure ಅನ್ನು 2 ಇಳಿಸಿದೆ, ಗೋಡೆ 0.4ಕ್ಕೆ ಬಂತು. ಆಕಾಶದ ನಾಲ್ಕು ಪಟ್ಟು. ಪರದೆಯ ನೆರಿಗೆ, ಸೋಫಾ, ಮೆಟ್ಟಿಲ ಕಂಬಿ ಎಲ್ಲ ಕಂಡವು. ಎರಡು ಪಟ್ಟಿಗಿಂತ ಕೆಳಗೆ ಹೋದರೆ ದೀಪ ಹಚ್ಚಿಲ್ಲದ ಮನೆಯ ಹಾಗೆ ಕಾಣುತ್ತದೆ. ಎಂಟು ಪಟ್ಟು ದಾಟಿದರೆ ರಾತ್ರಿಯಾಗಿಬಿಡುತ್ತದೆ.

ಕಳಿಸುವ ಮುಂಚೆ

ಗೋಡೆಗಳು ಮೇಲೆ ಹೋದಂತೆ ಒಳಕ್ಕೆ ವಾಲಿವೆಯೇ ನೋಡಿ. ವಾಲಿದ್ದರೆ ಕ್ಯಾಮೆರಾವನ್ನು ಸಮತಲಕ್ಕೆ ತಂದು, ಚೌಕಟ್ಟನ್ನು Shift Y ಮೂಲಕ ಮೇಲೆ ಕೆಳಗೆ ಮಾಡಿ. ಚಿತ್ರವನ್ನು ಫೋನಿನಲ್ಲಿ ಹೆಬ್ಬೆರಳಿನಷ್ಟು ಚಿಕ್ಕದಾಗಿಯೂ ನೋಡಿ. ಜಾಹೀರಾತಿನ ಪಟ್ಟಿಯಲ್ಲಿ ಅದು ಮೊದಲು ಕಾಣುವುದು ಅಷ್ಟೇ ಗಾತ್ರದಲ್ಲಿ.

ಕೊನೆಗೆ, ಏನನ್ನು ಅಳಿಸಬಾರದು ಎಂಬುದು. ನಮ್ಮ ಸೈಟಿನ ಬಲಗಡೆ ಒಂದು ಟ್ರಾನ್ಸ್‌ಫಾರ್ಮರ್ ಇತ್ತು. ಅದರ ಜಾಗದಲ್ಲಿ ಮರ ಹಾಕಿ ಎಂಬ ಬೇಡಿಕೆ ಬಂತು. ನಾನು ಒಪ್ಪಲಿಲ್ಲ. ಕ್ಯಾಮೆರಾವನ್ನು ಎಡಕ್ಕೆ ತಿರುಗಿಸಿ ಅದು ಚೌಕಟ್ಟಿನಿಂದ ಹೊರಗೆ ಉಳಿಯುವಂತೆ ಮಾಡಿದೆ, ಮತ್ತು ಸೈಟಿನ ನಕ್ಷೆಯಲ್ಲಿ ಅದನ್ನು ತೋರಿಸಿ ಎಂದು ಹೇಳಿದೆ. ನೋಂದಾಯಿತ ಯೋಜನೆಯ ಜಾಹೀರಾತು ನಂಬಿ ಮುಂಗಡ ಕೊಟ್ಟವರಿಗೆ, ಅದರಲ್ಲಿನ ಸುಳ್ಳಿನಿಂದ ನಷ್ಟವಾದರೆ ಪ್ರವರ್ತಕರು ಪರಿಹಾರ ಕೊಡಬೇಕು ಎಂದು 2016ರ ರೇರಾ ಕಾಯ್ದೆಯ 12ನೇ ಕಲಂ ಹೇಳುತ್ತದೆ. ಜಾಹೀರಾತಿನಲ್ಲಿ ರೇರಾ ನೋಂದಣಿ ಸಂಖ್ಯೆ ಮತ್ತು ಪ್ರಾಧಿಕಾರದ ಜಾಲತಾಣದ ವಿಳಾಸ ಇರಬೇಕು ಎಂಬುದೂ ಅದೇ ಕಾಯ್ದೆಯಲ್ಲಿದೆ. ನಾನು ಚಿತ್ರದ ಕೆಳಗಿನ ಎಡಮೂಲೆಯಲ್ಲಿ ಅವಕ್ಕೆ ಜಾಗ ಬಿಟ್ಟೆ. ಪಕ್ಕದಲ್ಲೇ, ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ, "ಇದು ಕಂಪ್ಯೂಟರ್‌ನಲ್ಲಿ ಮಾಡಿದ ಚಿತ್ರ" ಎಂದು ಬರೆದೆ.