ಆದೇಶ ತಪ್ಪೋ, ಕಾಯ್ದೆಯೇ ತಪ್ಪೋ? ಆಡಳಿತ ಕಾನೂನು, ಸಂವಿಧಾನ ಕಾನೂನುಗಳನ್ನು ಬೇರ್ಪಡಿಸುವ ಬಗೆ

ಸಂವಿಧಾನ ಕಾನೂನು ಸರ್ಕಾರದ ಅಂಗಗಳನ್ನು ನಿಂತ ಸ್ಥಿತಿಯಲ್ಲಿ ತೋರಿಸುತ್ತದೆ, ಆಡಳಿತ ಕಾನೂನು ಅವುಗಳನ್ನು ಚಲನೆಯಲ್ಲಿ ತೋರಿಸುತ್ತದೆ ಎಂಬ ಮಾತು ಮೊದಲ ವರ್ಷದ ನೋಟ್ಸ್‌ಗಳಲ್ಲೆಲ್ಲ ಸಿಗುತ್ತದೆ. ಮಾತು ತಪ್ಪಲ್ಲ. ಆದರೆ ಪ್ರಶ್ನೆಪತ್ರಿಕೆ ಒಂದು ಘಟನೆಯನ್ನು ಮುಂದಿಟ್ಟು, ಈ ವ್ಯಕ್ತಿ ಯಾವ ಆಧಾರದ ಮೇಲೆ ಕೋರ್ಟಿಗೆ ಹೋಗಬಹುದು ಎಂದು ಕೇಳಿದಾಗ ಅದರಿಂದ ಹೆಚ್ಚೇನೂ ಗಿಟ್ಟುವುದಿಲ್ಲ. ಅಲ್ಲಿ ಬೇಕಾಗುವುದು ವ್ಯಾಖ್ಯೆಯಲ್ಲ, ದೂರುಗಳನ್ನು ಬಿಡಿಸಿಕೊಳ್ಳುವ ಕ್ರಮ. ಅದನ್ನು ಒಂದೇ ಪ್ರಕರಣ ಹಿಡಿದು ನೋಡೋಣ. ಹೆಸರು ನಿಮಗೆ ಗೊತ್ತಿರುವುದೇ: ಮೇನಕಾ ಗಾಂಧಿ ವಿರುದ್ಧ ಭಾರತ ಒಕ್ಕೂಟ, ಸುಪ್ರೀಂ ಕೋರ್ಟ್, 1978. ಇದನ್ನು 21ನೇ ವಿಧಿಯ ತೀರ್ಪು ಎಂದಷ್ಟೇ ಓದಿ ಮುಗಿಸುವವರು ಬಹಳ. ಅರ್ಧ ತೀರ್ಪು ಆಡಳಿತ ಕಾನೂನಿನದು.

ಮೊದಲು ಕಾಗದ ಓದಿ

ಮೇನಕಾ ಗಾಂಧಿ ಅವರಿಗೆ 1976ರ ಜೂನ್‌ನಲ್ಲಿ ಪಾಸ್‌ಪೋರ್ಟ್ ಸಿಕ್ಕಿತ್ತು. 1977ರ ಜುಲೈ 4ರಂದು ದೆಹಲಿಯ ಪ್ರಾದೇಶಿಕ ಪಾಸ್‌ಪೋರ್ಟ್ ಅಧಿಕಾರಿಯಿಂದ ಒಂದು ಪತ್ರ ಬಂತು. ಪಾಸ್‌ಪೋರ್ಟ್ ಕಾಯ್ದೆ 1967ರ ಸೆಕ್ಷನ್ 10(3)(ಸಿ) ಅನ್ವಯ, ಸಾರ್ವಜನಿಕ ಹಿತಾಸಕ್ತಿಯಿಂದ ಪಾಸ್‌ಪೋರ್ಟ್ ವಶಪಡಿಸಿಕೊಳ್ಳಲು ಕೇಂದ್ರ ಸರ್ಕಾರ ತೀರ್ಮಾನಿಸಿದೆ, ಏಳು ದಿನಗಳೊಳಗೆ ಒಪ್ಪಿಸಿ ಎಂಬುದು ಅದರ ಸಾರ. ಕಾರಣ ತಿಳಿಸಿ ಎಂದು ಅವರು ಬರೆದರು. ಸಾರ್ವಜನಿಕರ ಹಿತದೃಷ್ಟಿಯಿಂದ ಕಾರಣ ಕೊಡುವುದಿಲ್ಲ ಎಂಬ ಉತ್ತರ ವಿದೇಶಾಂಗ ಸಚಿವಾಲಯದಿಂದ ಬಂತು. ಅವರು ನೇರವಾಗಿ ಸುಪ್ರೀಂ ಕೋರ್ಟಿಗೆ ರಿಟ್ ಅರ್ಜಿ ಹಾಕಿದರು.

ಇಂಥ ಕಾಗದ ಕೈಗೆ ಬಂದಾಗ ಮೊದಲು ಹುಡುಕಬೇಕಾದ್ದು ಸೆಕ್ಷನ್ ಸಂಖ್ಯೆ. ಅಧಿಕಾರಿಗೆ ತನ್ನದೇ ಆದ ಅಧಿಕಾರವಿಲ್ಲ. ಯಾವುದೋ ಕಾಯ್ದೆಯೋ ನಿಯಮವೋ ಕೊಟ್ಟಿದ್ದನ್ನಷ್ಟೇ ಅವನು ಚಲಾಯಿಸಬಲ್ಲ. ಹಾಗಾಗಿ ಕಾಗದದ ಹಿಂದೆ ಒಂದು ಸೆಕ್ಷನ್, ಸೆಕ್ಷನ್‌ನ ಹಿಂದೆ ಅದನ್ನು ಮಾಡಿದ ಶಾಸಕಾಂಗ, ಶಾಸಕಾಂಗದ ಹಿಂದೆ ಸಂವಿಧಾನ ಇರುತ್ತದೆ. ನಿಮ್ಮ ಕಕ್ಷಿದಾರರ ದೂರು ಈ ಸರಪಳಿಯ ಯಾವ ಕೊಂಡಿಯ ಮೇಲೆ ಎಂಬುದೇ ಎರಡು ವಿಷಯಗಳ ನಡುವಿನ ಗೆರೆ. ಅಧಿಕಾರಿ ಸೆಕ್ಷನ್ ಬಳಸಿದ ರೀತಿಯ ಮೇಲೆ ದೂರಿದ್ದರೆ ಅದು ಆಡಳಿತ ಕಾನೂನು. ಸೆಕ್ಷನ್ ಇರುವುದರ ಮೇಲೆಯೇ ದೂರಿದ್ದರೆ ಅದು ಸಂವಿಧಾನ ಕಾನೂನು.

ಅಧಿಕಾರಿಯನ್ನು ಬದಲಿಸಿ ನೋಡಿ

ಯಾವ ಕೊಂಡಿ ಎಂದು ತಿಳಿಯದಿದ್ದರೆ ಒಂದು ಪ್ರಶ್ನೆ ಹಾಕಿಕೊಳ್ಳಿ. ಇದೇ ಸೆಕ್ಷನ್ ಅನ್ನು ಇನ್ನೊಬ್ಬ ಅಧಿಕಾರಿ ನೋಟಿಸ್ ಕೊಟ್ಟು, ಅಹವಾಲು ಕೇಳಿ, ಕಾರಣ ಬರೆದು, ಸರಿಯಾಗಿಯೇ ಬಳಸಿದ್ದರೆ ಅನ್ಯಾಯ ಉಳಿಯುತ್ತಿತ್ತೇ? ಉಳಿಯುತ್ತಿರಲಿಲ್ಲ ಎಂದಾದರೆ ತಪ್ಪು ಆದೇಶದಲ್ಲಿದೆ. ಆಗಲೂ ಉಳಿಯುತ್ತದೆ ಎಂದಾದರೆ ತಪ್ಪು ಕಾಯ್ದೆಯಲ್ಲಿದೆ.

ಮೇನಕಾ ಅವರ ದೂರುಗಳನ್ನು ಈ ಪ್ರಶ್ನೆಗೆ ಒಡ್ಡಿದರೆ ಅವು ತಾವಾಗಿಯೇ ಎರಡು ಗುಂಪಾಗುತ್ತವೆ. ನನ್ನ ಮಾತು ಕೇಳದೆ ತೀರ್ಮಾನಿಸಿದರು, ಕಾರಣ ಮುಚ್ಚಿಟ್ಟರು ಎಂಬ ದೂರು ಬೇರೆ ಅಧಿಕಾರಿ ಸರಿಯಾಗಿ ನಡೆದುಕೊಂಡಿದ್ದರೆ ಹುಟ್ಟುತ್ತಲೇ ಇರಲಿಲ್ಲ. ಸಹಜ ನ್ಯಾಯ ತತ್ವ ಕೆಲಸಕ್ಕೆ ಬರುವುದು ಇಲ್ಲಿ. ಆದರೆ ‘ಸಾರ್ವಜನಿಕರ ಹಿತ’ ಎಂಬ ಪದ ಎಷ್ಟು ಸಡಿಲವಾಗಿದೆಯೆಂದರೆ ಯಾರ ಪಾಸ್‌ಪೋರ್ಟನ್ನಾದರೂ ಕಿತ್ತುಕೊಳ್ಳಬಹುದು, ಆದ್ದರಿಂದ ಸೆಕ್ಷನ್ 10(3)(ಸಿ) 14ನೇ ವಿಧಿಗೆ ವಿರುದ್ಧ ಎಂಬುದು ಬೇರೆ ಜಾತಿಯ ದೂರು. ಎಂಥ ಸಜ್ಜನ ಅಧಿಕಾರಿ ಬಂದರೂ ಅದು ಹಾಗೆಯೇ ಉಳಿಯುತ್ತದೆ. ಪಾಸ್‌ಪೋರ್ಟ್ ವಶಪಡಿಸಿಕೊಳ್ಳುವ ಮುನ್ನ ಅಹವಾಲು ಕೇಳಬೇಕೆಂದು ಕಾಯ್ದೆ ಹೇಳುವುದೇ ಇಲ್ಲ, ಹಾಗಾಗಿ ಅದರ ವಿಧಾನವೇ 21ನೇ ವಿಧಿಗೆ ಸಾಲದು ಎಂಬ ವಾದವೂ ಇದೇ ಗುಂಪಿನದು.

ಅಧಿಕಾರಿಯೇ ಚಿತ್ರದಲ್ಲಿಲ್ಲದ ಸಂವಿಧಾನ ಪ್ರಶ್ನೆಯೂ ಇರುತ್ತದೆ. ಯಾವುದಾದರೂ ರಾಜ್ಯದ ವಿಧಾನಸಭೆ ತನ್ನದೇ ಪಾಸ್‌ಪೋರ್ಟ್ ಕಾಯ್ದೆ ಮಾಡಿತು ಎಂದುಕೊಳ್ಳಿ. ಪಾಸ್‌ಪೋರ್ಟ್ ಮತ್ತು ವೀಸಾ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯ 19ನೇ ನಮೂದು. ರಾಜ್ಯಕ್ಕೆ ಅಲ್ಲಿ ಕೈ ಹಾಕುವ ಸಾಮರ್ಥ್ಯವೇ ಇಲ್ಲ. ಯಾರ ಹಕ್ಕಿಗೂ ಧಕ್ಕೆಯಾಗಿಲ್ಲದಿದ್ದರೂ ಆ ಕಾಯ್ದೆ ನಿಲ್ಲುವುದಿಲ್ಲ.

ಆದೇಶವನ್ನು ಮೊದಲು ಪರೀಕ್ಷಿಸಿ

ಉತ್ತರ ಬರೆಯುವಾಗ ಆಡಳಿತ ಕಾನೂನಿನ ಗುಂಪನ್ನು ಮೊದಲು ಎತ್ತಿಕೊಳ್ಳುವುದು ಒಳ್ಳೆಯದು. ಚಿಕ್ಕ ಆಧಾರದ ಮೇಲೆ ಪ್ರಕರಣ ಮುಗಿಯುವಂತಿದ್ದರೆ ಕಾಯ್ದೆಯ ಸಿಂಧುತ್ವದ ಪ್ರಶ್ನೆಗೆ ನ್ಯಾಯಾಲಯಗಳು ಸಾಮಾನ್ಯವಾಗಿ ಕೈ ಹಾಕುವುದಿಲ್ಲ.

ಆದೇಶ ಹೊರಡಿಸಿದವರಿಗೆ ಆ ಅಧಿಕಾರ ಇತ್ತೇ, ಸೆಕ್ಷನ್ ಹೇಳಿದ ಕಾರಣಗಳಲ್ಲಿ ಒಂದಾದರೂ ಇತ್ತೇ ಎಂದು ನೋಡಿ. ಆಮೇಲೆ ವಿಧಾನಕ್ಕೆ ಬನ್ನಿ. ಸೆಕ್ಷನ್ 10(5)ರ ಪ್ರಕಾರ ಅಧಿಕಾರಿ ಕಾರಣಗಳನ್ನು ಸಂಕ್ಷಿಪ್ತವಾಗಿ ಬರೆದಿಡಲೇಬೇಕು, ಕೇಳಿದರೆ ಪ್ರತಿ ಕೊಡಬೇಕು. ದೇಶದ ಭದ್ರತೆ, ಸಾರ್ವಜನಿಕರ ಹಿತದಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಪ್ರತಿ ನಿರಾಕರಿಸಬಹುದು. ಮೇನಕಾ ಪ್ರಕರಣದಲ್ಲಿ ಸರ್ಕಾರ ಕಾರಣ ಹೇಳಿದ್ದು ಕೋರ್ಟಿಗೆ ಸಲ್ಲಿಸಿದ ಪ್ರಮಾಣಪತ್ರದಲ್ಲಿ: ವಿಚಾರಣಾ ಆಯೋಗದ ಮುಂದೆ ಅವರ ಹಾಜರಿ ಬೇಕಾಗಬಹುದು ಎಂದು. ಇಷ್ಟೇ ಕಾರಣವಾಗಿದ್ದರೆ ಅದನ್ನು ಮೊದಲೇ ತಿಳಿಸಿದ್ದರೆ ಯಾವ ಸಾರ್ವಜನಿಕ ಹಿತ ಕೆಡುತ್ತಿತ್ತು? ಕಾರಣ ಮುಚ್ಚಿಟ್ಟಿದ್ದು ಸಮರ್ಥನೀಯವಲ್ಲ ಎಂದೇ ನ್ಯಾಯಾಲಯವೂ ಕಂಡಿತು. ಗಮನಿಸಿ, ಇಲ್ಲಿವರೆಗೆ ಮೂಲಭೂತ ಹಕ್ಕಿನ ಮಾತೇ ಬೇಕಾಗಿಲ್ಲ. ಕಾಯ್ದೆಯ ಪುಟ, ಆದೇಶದ ಪುಟ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಸಾಕು.

ಈಗ ಕಾಯ್ದೆಯನ್ನು ಪರೀಕ್ಷಿಸಿ

ಮೊದಲ ಪ್ರಶ್ನೆ, ತಟ್ಟಿದ್ದು ಯಾವ ಹಕ್ಕಿಗೆ ಎಂಬುದು. ವಿದೇಶಕ್ಕೆ ಹೋಗುವುದು 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ 1967ರಲ್ಲೇ ತೀರ್ಮಾನವಾಗಿತ್ತು. ಅಲ್ಲಿಯವರೆಗೆ ಸರ್ಕಾರ ಪಾಸ್‌ಪೋರ್ಟ್ ನಿರಾಕರಿಸುತ್ತಿದ್ದುದಕ್ಕೆ ಯಾವ ಕಾಯ್ದೆಯ ಆಧಾರವೂ ಇರಲಿಲ್ಲ. ಆ ತೀರ್ಪಿನ ಬೆನ್ನಿಗೇ ಸಂಸತ್ತು ಪಾಸ್‌ಪೋರ್ಟ್ ಕಾಯ್ದೆ ಮಾಡಿತು. ಅಂದರೆ ನಾವು ಚರ್ಚಿಸುತ್ತಿರುವ ಆಡಳಿತ ಅಧಿಕಾರ ಹುಟ್ಟಿದ್ದೇ ಒಂದು ಸಂವಿಧಾನ ತೀರ್ಪಿನಿಂದ.

ಎರಡನೆಯ ಪ್ರಶ್ನೆ, ಕಾಯ್ದೆ ಕೊಟ್ಟ ವಿಧಾನ ಎಂಥದಿರಬೇಕು? 1950ರ ಎ.ಕೆ. ಗೋಪಾಲನ್ ತೀರ್ಪಿನ ದಾರಿಯಲ್ಲಿ ಹೋದರೆ, ಶಾಸಕಾಂಗ ಮಾಡಿದ ಕಾಯ್ದೆಯಲ್ಲಿ ಏನೋ ಒಂದು ವಿಧಾನ ಇದ್ದರಾಯಿತು. ಮೇನಕಾ ತೀರ್ಪು ಅದನ್ನು ಬಿಟ್ಟುಕೊಟ್ಟಿತು. ವಿಧಾನ ನ್ಯಾಯಯುತವಾಗಿರಬೇಕು, ಮನಸ್ಸಿಗೆ ಬಂದಂತೆ ಇರಬಾರದು ಎಂದಿತು. ಹಾಗಾದರೆ ಅಹವಾಲಿನ ಮಾತೇ ಇಲ್ಲದ ಪಾಸ್‌ಪೋರ್ಟ್ ಕಾಯ್ದೆ ಬಿದ್ದುಹೋಗಬೇಕಿತ್ತಲ್ಲವೇ?

ಬೀಳಲಿಲ್ಲ. ಏಕೆ ಎಂಬುದು ಗೊತ್ತಾದರೆ ಎರಡು ವಿಷಯಗಳ ಸಂಬಂಧ ಅರ್ಥವಾದಂತೆ. ಕಾಯ್ದೆ ಮೌನವಾಗಿರುವ ಕಡೆ ಸಹಜ ನ್ಯಾಯ ತತ್ವ ತಾನಾಗಿಯೇ ಒಳಬರುತ್ತದೆ ಎಂಬುದು ಆಡಳಿತ ಕಾನೂನಿನ ಹಳೆಯ ನಿಯಮ. ಅದನ್ನು ಸೆಕ್ಷನ್ 10(3)ರೊಳಗೆ ಓದಿಕೊಂಡರೆ, ಅಹವಾಲು ಕೇಳುವ ಹೊಣೆ ಕಾಯ್ದೆಯಲ್ಲೇ ಅಡಗಿದೆ ಎಂದಾಗುತ್ತದೆ. ತುರ್ತಿದ್ದರೆ ಪಾಸ್‌ಪೋರ್ಟ್ ವಶಕ್ಕೆ ಪಡೆದ ಕೂಡಲೇ ಕೇಳಿದರೂ ನಡೆದೀತು. ಹೊಣೆ ಇದೆ ಎಂದಾದ ಮೇಲೆ ವಿಧಾನ ನ್ಯಾಯಯುತವಾಯಿತು, ಸೆಕ್ಷನ್ ಉಳಿಯಿತು. ಅದೇ ಹೊಣೆಯನ್ನು ನಿರ್ವಹಿಸದ ಕಾರಣಕ್ಕೆ ಆದೇಶ ದೋಷಪೂರಿತವಾಯಿತು. ಸಂವಿಧಾನದ ಪ್ರಶ್ನೆಗೆ ಉತ್ತರ ಕೊಟ್ಟದ್ದು ಆಡಳಿತ ಕಾನೂನಿನ ತತ್ವ! ‘ಸಾರ್ವಜನಿಕರ ಹಿತ’ ತೀರಾ ಸಡಿಲ ಎಂಬ 14ನೇ ವಿಧಿಯ ವಾದವನ್ನೂ ನ್ಯಾಯಾಲಯ ಒಪ್ಪಲಿಲ್ಲ.

ಹಾಗಾಗಿ ಮೇನಕಾ ಪ್ರಕರಣದಲ್ಲಿ ಸೆಕ್ಷನ್ ರದ್ದಾಯಿತು ಎಂದು ಬರೆದರೆ ಅಂಕ ಹೋಗುತ್ತದೆ. ಆದೇಶ ವಿಧ್ಯುಕ್ತವಾಗಿ ರದ್ದಾಯಿತು ಎಂದರೂ ಪೂರ್ತಿ ಸರಿಯಲ್ಲ. ಅವರು ಮನವಿ ಕೊಟ್ಟರೆ ಪರಿಗಣಿಸುತ್ತೇವೆ, ಮನವಿ ತಲುಪಿದ ಎರಡು ವಾರದೊಳಗೆ ಅಹವಾಲಿಗೆ ಅವಕಾಶ ಕೊಡುತ್ತೇವೆ, ಆದೇಶ ಮತ್ತೆ ಊರ್ಜಿತವಾದರೆ ಅದು ಆರು ತಿಂಗಳು ಮೀರುವುದಿಲ್ಲ ಎಂದು ಅಟಾರ್ನಿ ಜನರಲ್ ಹೇಳಿಕೆ ಕೊಟ್ಟರು. ಅದರ ಮೇಲೆ ಬಹುಮತದ ನ್ಯಾಯಮೂರ್ತಿಗಳು ಅರ್ಜಿ ವಿಲೇವಾರಿ ಮಾಡಿದರು. ಆದೇಶವನ್ನು ರದ್ದು ಮಾಡಲೇಬೇಕೆಂಬುದು ಮುಖ್ಯ ನ್ಯಾಯಮೂರ್ತಿ ಬೇಗ್ ಅವರ ಅಭಿಪ್ರಾಯವಾಗಿತ್ತು. ಏಳು ಜನರ ಪೀಠದಲ್ಲಿ ನ್ಯಾಯಮೂರ್ತಿ ಕೈಲಾಸಂ ಭಿನ್ನಮತದ ತೀರ್ಪು ಬರೆದರು.

ಗೆದ್ದರೆ ಸಿಗುವುದೇನು?

ಆಡಳಿತ ಕಾನೂನಿನ ಆಧಾರದ ಮೇಲೆ ಗೆದ್ದರೆ ಬೀಳುವುದು ಒಂದು ಆದೇಶ. ಇಲಾಖೆ ನೋಟಿಸ್ ಕೊಟ್ಟು, ಮಾತು ಕೇಳಿ, ಕಾರಣ ಬರೆದು ಅದೇ ನಿರ್ಧಾರಕ್ಕೆ ಮತ್ತೆ ಬರಬಹುದು. ಕಕ್ಷಿದಾರರಿಗೆ ಇದನ್ನು ಮೊದಲೇ ಹೇಳದ ವಕೀಲರು ಆಮೇಲೆ ಬೈಸಿಕೊಳ್ಳುತ್ತಾರೆ. ಮೂಲಭೂತ ಹಕ್ಕಿನ ಆಧಾರದ ಮೇಲೆ ಸೆಕ್ಷನ್ ಬಿದ್ದರೆ, 13ನೇ ವಿಧಿಯಿಂದಾಗಿ ಅದು ವಿರೋಧವಿರುವ ಮಟ್ಟಿಗೆ ಎಲ್ಲರ ಪಾಲಿಗೂ ಅಸಿಂಧು. ಮತ್ತೆ ತರಬೇಕಿದ್ದರೆ ಸಂಸತ್ತಿಗೇ ಹೋಗಬೇಕು.

ಬ್ರಿಟನ್ನಿನಲ್ಲಿ ಈ ಎರಡನೆಯ ದಾರಿಯೇ ಇಲ್ಲ. ಅಲ್ಲಿನ ಕೋರ್ಟ್ ಆದೇಶವನ್ನು ರದ್ದು ಮಾಡಬಹುದು, ಸಂಸತ್ತಿನ ಕಾಯ್ದೆಯನ್ನಲ್ಲ. ಅಲ್ಲಿನ ಪುಸ್ತಕ ಓದಿ ಇಲ್ಲಿನ ಗೆರೆ ಎಳೆಯಲು ಹೋದರೆ ಗೊಂದಲ ಖಚಿತ.

ಎಲ್ಲಿಗೆ ಹೋಗಬೇಕು?

32ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ಹೋಗಲು ಮೂಲಭೂತ ಹಕ್ಕಿನ ಉಲ್ಲಂಘನೆ ತೋರಿಸಬೇಕು. 226ನೇ ವಿಧಿಯಡಿ ಹೈಕೋರ್ಟ್ ಬೇರೆ ಉದ್ದೇಶಗಳಿಗೂ ರಿಟ್ ಕೊಡಬಲ್ಲದು, ಆದ್ದರಿಂದ ಬರೀ ಆಡಳಿತ ಕಾನೂನಿನ ದೂರಿಗೆ ಸಹಜ ಜಾಗ ಅದೇ. ಆದರೆ ಹೈಕೋರ್ಟ್ ಮೊದಲು ಕೇಳುವುದು, ಕಾಯ್ದೆಯಲ್ಲಿ ಮೇಲ್ಮನವಿ ಇತ್ತಲ್ಲ, ಅದನ್ನು ಮಾಡಿದಿರಾ ಎಂದು. ಪಾಸ್‌ಪೋರ್ಟ್ ಕಾಯ್ದೆಯ ಸೆಕ್ಷನ್ 11 ಮೇಲ್ಮನವಿಗೆ ಅವಕಾಶ ಕೊಡುತ್ತದೆ. ಕೇಂದ್ರ ಸರ್ಕಾರವೇ ಹೊರಡಿಸಿದ ಆದೇಶಕ್ಕೆ ಮಾತ್ರ ಅದು ಇಲ್ಲ, ಹಾಗಾಗಿ ಮೇನಕಾ ಅವರಿಗೆ ಆ ಬಾಗಿಲು ಮುಚ್ಚಿತ್ತು.

ಇನ್ನು, ಮೇಲ್ಮನವಿ ಅಧಿಕಾರಿಯ ಮುಂದೆ ಸೆಕ್ಷನ್ 10 ಸಂವಿಧಾನಬಾಹಿರ ಎಂದು ವಾದಿಸಿ ಪ್ರಯೋಜನವಿಲ್ಲ. ಅವನಿಗೆ ಅಧಿಕಾರ ಬಂದದ್ದೇ ಆ ಕಾಯ್ದೆಯಿಂದ. ಅವನ ಮುಂದೆ ಆದೇಶದ ತಪ್ಪುಗಳನ್ನು ಹೇಳಿ, ಕಾಯ್ದೆಯ ತಪ್ಪನ್ನು ರಿಟ್ ಅರ್ಜಿಗೆ ಉಳಿಸಿಕೊಳ್ಳಿ.