ಹಿಮೋಗ್ಲೋಬಿನ್ ಸರಿಯಿತ್ತು, ಬೈತಲೆ ಮಾತ್ರ ಅಗಲವಾಗುತ್ತಿತ್ತು

ಹಣೆಯ ಅಂಚಿನ ಕೂದಲು ಮೊದಲಿನಂತೆಯೇ ಇತ್ತು. ಬೈತಲೆ ತೆಗೆದಾಗ ಮಾತ್ರ ನಡುನೆತ್ತಿಯ ಚರ್ಮ ಅಗಲವಾಗಿ ಕಾಣುತ್ತಿತ್ತು. ತಲೆಸ್ನಾನ ಮಾಡಿದಾಗ ಉದುರುವ ಕೂದಲೂ ಜಾಸ್ತಿಯಾಗಿತ್ತು.

ಚರ್ಮದ ಡಾಕ್ಟರ್ ನೆತ್ತಿ ನೋಡುವ ಮೊದಲು ಮುಟ್ಟಿನ ಬಗ್ಗೆ ಕೇಳಿದರು. ಎಷ್ಟು ದಿನ ಇರುತ್ತದೆ, ಗಡ್ಡೆ ಹೋಗುತ್ತದಾ, ತಿಂಗಳು ತಪ್ಪುತ್ತದಾ, ಗಲ್ಲದ ಮೇಲೆ ಕೂದಲು ಬರುತ್ತಿದೆಯಾ? ನನಗೆ ಮುಟ್ಟು ತಪ್ಪುತ್ತಿರಲಿಲ್ಲ, ಆದರೆ ರಕ್ತ ತುಂಬಾ ಹೋಗುತ್ತಿತ್ತು. ಹಾಗಾಗಿ ಹಾರ್ಮೋನ್ ಪರೀಕ್ಷೆಗಳ ಉದ್ದ ಪಟ್ಟಿ ಬೇಡ ಎಂದು ರಕ್ತಕಣಗಳ ಲೆಕ್ಕ ಕೊಡುವ ಸಿಬಿಸಿ, ಕಬ್ಬಿಣಕ್ಕೆ ಫೆರಿಟಿನ್, ಥೈರಾಯ್ಡ್‌ಗೆ ಟಿಎಸ್‌ಎಚ್, ಈ ಮೂರನ್ನೇ ಬರೆದರು.

ಕೂದಲಿಗೆಂದು ನಾನು ಬಯೋಟಿನ್ ಮಾತ್ರೆ ತಿನ್ನುತ್ತಿದ್ದೆ. ರಕ್ತ ಕೊಡುವ ಕೆಲವು ದಿನ ಮೊದಲೇ ಅದನ್ನು ನಿಲ್ಲಿಸಲು ಹೇಳಿದರು. ಲ್ಯಾಬಿನ ಕೆಲವು ಯಂತ್ರಗಳಲ್ಲಿ ಬಯೋಟಿನ್‌ನಿಂದಾಗಿ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಆಗ ಥೈರಾಯ್ಡ್ ತೊಂದರೆ ಇದ್ದರೂ ಸಿಗದೆ ಹೋಗಬಹುದು. ಕೂದಲು ಉದುರುವವರೇ ಈ ಮಾತ್ರೆ ಜಾಸ್ತಿ ತಿನ್ನುವುದು ಅಲ್ವಾ, ಅದಕ್ಕೇ ಈ ಮಾತು ಎಲ್ಲರಿಗೂ ಗೊತ್ತಿರಬೇಕು ಅನಿಸುತ್ತದೆ.

ಟಿಎಸ್‌ಎಚ್ 2.8, ಹಿಮೋಗ್ಲೋಬಿನ್ 12.3. ಎರಡೂ ಸರಿ. ಫೆರಿಟಿನ್ ಮಾತ್ರ 9. ದೇಹ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ಹೇಳುವುದು ಫೆರಿಟಿನ್. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಆರೋಗ್ಯವಂತ ಹೆಂಗಸಿನಲ್ಲಿ ಅದು 15ಕ್ಕಿಂತ ಕೆಳಗಿದ್ದರೆ ಕೊರತೆ. ಕಣಜ ಬರಿದಾಗುವವರೆಗೆ ಅಡುಗೆ ನಡೆಯುತ್ತಲೇ ಇರುತ್ತದೆ. ಹಿಮೋಗ್ಲೋಬಿನ್ ಇಳಿಯುವುದು ಆಮೇಲೆ. ಇನ್ನೊಂದು ವಿಷಯ, ಜ್ವರ, ಸೋಂಕು ಇದ್ದಾಗ ಫೆರಿಟಿನ್ ಸುಮ್ನೆ ಏರಿ ಕೊರತೆಯನ್ನು ಮುಚ್ಚಿಬಿಡುತ್ತದೆ. ಆಗ ಪರೀಕ್ಷೆ ಮಾಡಿಸಬಾರದು.

ಕಬ್ಬಿಣದ ಮಾತ್ರೆಯನ್ನು ದಿನ ಬಿಟ್ಟು ದಿನ ಖಾಲಿ ಹೊಟ್ಟೆಗೆ ನಿಂಬೆ ನೀರಿನ ಜೊತೆ ತೆಗೆದುಕೊಂಡೆ. ಕಾಫಿ, ಹಾಲು ಎರಡು ಗಂಟೆ ದೂರ. ಮಲ ಕಪ್ಪಾಗುತ್ತದೆ, ಗಾಬರಿ ಬೇಡ. ರಕ್ತ ಜಾಸ್ತಿ ಹೋಗುವುದಕ್ಕೆ ಸ್ತ್ರೀರೋಗ ತಜ್ಞೆಯನ್ನೂ ಕಂಡೆ. ಅದು ನಿಲ್ಲದೆ ಮಾತ್ರೆ ಮಾತ್ರ ನುಂಗಿದರೆ ಕೊರತೆ ಮತ್ತೆ ಬರುತ್ತಿತ್ತು.

ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ ಫೆರಿಟಿನ್ 34. ಉದುರುವುದು ಚೆನ್ನಾಗಿ ಕಡಿಮೆಯಾಗಿತ್ತು, ಬೈತಲೆ ಮಾತ್ರ ಹಾಗೇ ಇತ್ತು. ಡಾಕ್ಟರ್ ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೋಸ್ಕೋಪ್ ಇಟ್ಟು ನೋಡಿದಾಗ ದಪ್ಪ ಕೂದಲಿನ ಪಕ್ಕದಲ್ಲೇ ತೀರಾ ಸಣ್ಣ ಎಳೆಗಳು ಕಂಡವು. ಇದು ವಂಶದಿಂದಲೂ ಬರುವ ಬೇರೆ ತೊಂದರೆ, ಕಬ್ಬಿಣ ತಿಂದು ಹೋಗುವುದಲ್ಲ. ಎರಡೂ ಒಟ್ಟಿಗೇ ಇದ್ದವು. ಅದಕ್ಕೆ ಬೈತಲೆಗೆ ಹಚ್ಚಲು ಮಿನಾಕ್ಸಿಡಿಲ್ ಕೊಟ್ಟರು. ಮೊದಲ ಕೆಲವು ವಾರ ಕೂದಲು ಇನ್ನೂ ಉದುರಬಹುದು, ಫಲ ಕಾಣಲು ನಾಲ್ಕಾರು ತಿಂಗಳು ಬೇಕು, ನಿಲ್ಲಿಸಿದರೆ ಬಂದ ಕೂದಲು ಮತ್ತೆ ಹೋಗುತ್ತದೆ ಎಂದೂ ಹೇಳಿದರು. ಬಸುರಿಯರು, ಮಗು ಬೇಕೆಂದಿರುವವರು ಇದನ್ನು ಹಚ್ಚಬಾರದು. ನಾನು ಪ್ರತಿ ತಿಂಗಳು ಅದೇ ಕಿಟಕಿಯ ಬೆಳಕಿನಲ್ಲಿ ಬೈತಲೆಯ ಫೋಟೊ ತೆಗೆದು ಹೋಲಿಸುತ್ತೇನೆ. ಕನ್ನಡಿಯಲ್ಲಿ ದಿನಾ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ.