ನಾಯಿಯ ವಯಸ್ಸನ್ನು ಏಳರಿಂದ ಗುಣಿಸಬೇಡಿ, ಮೈಗಾತ್ರ ನೋಡಿ ಲೆಕ್ಕ ಹಾಕಿ

ನಾಯಿಗೆ ಒಂದು ವರ್ಷವೆಂದರೆ ಮನುಷ್ಯನಿಗೆ ಏಳು ವರ್ಷ ಎಂಬ ಲೆಕ್ಕ ನಾಯಿ ಸಾಕದವರಿಗೂ ಬಾಯಿಪಾಠ. ಮನುಷ್ಯ ಸುಮಾರು ಎಪ್ಪತ್ತು ವರ್ಷ ಬದುಕುತ್ತಾನೆ, ನಾಯಿ ಸುಮಾರು ಹತ್ತು ವರ್ಷ, ಹಾಗಾಗಿ ಏಳರಿಂದ ಗುಣಿಸಿದರಾಯಿತು ಎಂಬಷ್ಟೇ ಸರಳ ಭಾಗಾಕಾರ ಇದರ ಹಿಂದಿರುವಂತೆ ಕಾಣುತ್ತದೆ. ನೆನಪಿಡಲು ಸುಲಭ, ಆದರೆ ತಪ್ಪು. ಈ ತಪ್ಪಿನ ಬೆಲೆಯನ್ನು ಹೆಚ್ಚಾಗಿ ತೆರುವುದು ದೊಡ್ಡ ಮೈಕಟ್ಟಿನ ನಾಯಿಗಳು. ಅವಕ್ಕೆ ಮುಪ್ಪು ಬಂದಿರುವುದು ಮನೆಯವರ ಗಮನಕ್ಕೇ ಬಂದಿರುವುದಿಲ್ಲ.

ನಿಮ್ಮ ನಾಯಿ ಬದುಕಿನ ಯಾವ ಘಟ್ಟದಲ್ಲಿದೆ ಎಂದು ತಿಳಿಯಲು ಇದಕ್ಕಿಂತ ನಂಬಲರ್ಹವಾದ ಇನ್ನೊಂದು ದಾರಿಯಿದೆ. ಅದಕ್ಕೆ ಬೇಕಾಗುವುದು ತೂಕದ ಯಂತ್ರ, ತಳಿಯ ಸರಾಸರಿ ಆಯಸ್ಸು, ಒಂದು ಸಣ್ಣ ಗುಣಾಕಾರ.

ಹಂತ 1: ಏಳರ ಲೆಕ್ಕ ಎಲ್ಲಿ ಮುರಿಯುತ್ತದೆ ನೋಡಿ

ಮೊದಲ ವರ್ಷದಲ್ಲೇ ಮುರಿಯುತ್ತದೆ. ಒಂದು ವರ್ಷದ ಹೆಣ್ಣು ನಾಯಿ ಸಾಮಾನ್ಯವಾಗಿ ಬೆದೆಗೆ ಬಂದು ಗರ್ಭ ಧರಿಸಬಲ್ಲದು. ಅದರ ಹಾಲುಹಲ್ಲು ಉದುರಿ ಶಾಶ್ವತ ಹಲ್ಲು ಬಂದು ತಿಂಗಳುಗಳೇ ಕಳೆದಿರುತ್ತವೆ. ಏಳು ವರ್ಷದ ಮಗುವಿಗೆ ಆಗಷ್ಟೇ ಮುಂದಿನ ಹಲ್ಲು ಅಲ್ಲಾಡುತ್ತಿರುತ್ತದೆ. ಇನ್ನೊಂದು ತುದಿಯಲ್ಲೂ ಲೆಕ್ಕ ನಿಲ್ಲುವುದಿಲ್ಲ. ಪುಟ್ಟ ತಳಿಯ ನಾಯಿಗಳಲ್ಲಿ 18 ವರ್ಷ ಮುಟ್ಟುವಂಥವು ಅಲ್ಲೊಂದು ಇಲ್ಲೊಂದು ಇದ್ದೇ ಇರುತ್ತವೆ. ಏಳರಿಂದ ಗುಣಿಸಿದರೆ 126 ಆಯಿತು. ದಾಖಲೆಯಿರುವ ಅತಿ ಹೆಚ್ಚು ವರ್ಷ ಬದುಕಿದ ಮನುಷ್ಯಜೀವಿ, ಫ್ರಾನ್ಸಿನ ಜೀನ್ ಕಾಲ್ಮೆಂಟ್, ತೀರಿಕೊಂಡಾಗ ಅವರಿಗೆ 122.

ಅಂದರೆ ನಾಯಿಗೆ ವಯಸ್ಸು ಒಂದೇ ವೇಗದಲ್ಲಿ ಏರುವುದಿಲ್ಲ. ಮೊದಲು ಓಡುತ್ತದೆ, ಆಮೇಲೆ ನಿಧಾನವಾಗುತ್ತದೆ. ಪಶುವೈದ್ಯರು ಮಧ್ಯಮ ಗಾತ್ರದ ನಾಯಿಗೆ ಬಳಸುವ ಅಂದಾಜು ಹೀಗಿದೆ: ಮೊದಲ ವರ್ಷಕ್ಕೆ ಮನುಷ್ಯನ 15, ಎರಡನೆಯದಕ್ಕೆ ಇನ್ನೂ 9, ಅಲ್ಲಿಂದ ಮುಂದೆ ವರ್ಷಕ್ಕೆ ಸುಮಾರು 5.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕೇಂದ್ರದ ಸಂಶೋಧಕರು 2020ರಲ್ಲಿ ಇದೇ ಓಟವನ್ನು ಡಿಎನ್‌ಎಯಲ್ಲಿ ಕಂಡರು. ವಯಸ್ಸಾದಂತೆ ಡಿಎನ್‌ಎ ಮೇಲೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತುಗಳು ಬದಲಾಗುತ್ತಾ ಹೋಗುತ್ತವೆ. 104 ಲ್ಯಾಬ್ರಡಾರ್ ನಾಯಿಗಳಲ್ಲಿ ಈ ಬದಲಾವಣೆಯನ್ನು ಮನುಷ್ಯರದರ ಜೊತೆ ಹೋಲಿಸಿ ಅವರು ಕೊಟ್ಟ ಸೂತ್ರ ಇದು:

```
16 × ln(ನಾಯಿಯ ವಯಸ್ಸು) + 31
```

ಇಲ್ಲಿ ln ಅಂದರೆ ಸಹಜ ಲಾಗರಿದಮ್. ಮೊಬೈಲಿನ ಸೈಂಟಿಫಿಕ್ ಕ್ಯಾಲ್ಕುಲೇಟರಿನಲ್ಲಿ ಆ ಗುಂಡಿ ಇರುತ್ತದೆ. ಈ ಸೂತ್ರದ ಪ್ರಕಾರ ಒಂದು ವರ್ಷದ ನಾಯಿಗೆ 31, ನಾಲ್ಕಕ್ಕೆ 53, ಹನ್ನೆರಡಕ್ಕೆ 71. ಪತ್ರಿಕೆಗಳಲ್ಲಿ ತುಂಬಾ ಹರಿದಾಡಿದ ಸೂತ್ರವಿದು. ಹಾಗೆಂದು ಎಲ್ಲ ನಾಯಿಗೂ ಇದನ್ನೇ ಹಾಕಬೇಡಿ. ಅಳೆದಿದ್ದು ಒಂದೇ ತಳಿಯನ್ನು, ಅದೂ ಹೆಚ್ಚು ಕಡಿಮೆ ಒಂದೇ ಗಾತ್ರದ ನಾಯಿಗಳನ್ನು. ನಮಗೆ ಮುಖ್ಯವಾದ ಮೈಗಾತ್ರದ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಹಂತ 2: ಮೈಗಾತ್ರ ಯಾವುದೆಂದು ತೀರ್ಮಾನಿಸಿ

ಸಾಮಾನ್ಯವಾಗಿ ಬಳಕೆಯಲ್ಲಿರುವ ವಿಂಗಡಣೆಯಲ್ಲಿ 10 ಕೆ.ಜಿ.ಯೊಳಗಿನವು ಸಣ್ಣವು, ಅಲ್ಲಿಂದ ಸುಮಾರು 23ರವರೆಗೆ ಮಧ್ಯಮ, 40ರವರೆಗೆ ದೊಡ್ಡವು, ಅದಕ್ಕೂ ಮೇಲೆ ದೈತ್ಯ ತಳಿಗಳು.

ಯಂತ್ರ ತೋರಿಸಿದ ಅಂಕಿಯನ್ನು ಕಣ್ಣುಮುಚ್ಚಿ ಒಪ್ಪಬೇಡಿ. ನಮಗೆ ಬೇಕಾದದ್ದು ಎಲುಬಿನ ಹಂದರದ ಗಾತ್ರವೇ ಹೊರತು ಬೊಜ್ಜಲ್ಲ. ನಾಯಿಯ ಎರಡೂ ಪಕ್ಕೆಗಳ ಮೇಲೆ ಅಂಗೈ ಇಟ್ಟು ಮೆಲ್ಲಗೆ ಸವರಿ. ಒತ್ತದೆಯೇ ಪಕ್ಕೆಲುಬು ಒಂದೊಂದಾಗಿ ಕೈಗೆ ಸಿಗಬೇಕು. ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಒತ್ತಿ ಹುಡುಕಬೇಕಾದರೆ ಅದು ತೂಕ ಹೆಚ್ಚಾದ ನಾಯಿ. 28 ಕೆ.ಜಿ. ತೂಗುವ ಬೊಜ್ಜಿನ ಮಧ್ಯಮ ನಾಯಿಯನ್ನು ದೊಡ್ಡ ನಾಯಿಗಳ ಸಾಲಿಗೆ ಸೇರಿಸಿದರೆ ಮುಂದಿನ ಲೆಕ್ಕವೆಲ್ಲ ಅಡ್ಡದಾರಿ ಹಿಡಿಯುತ್ತದೆ.

ಮರಿಯಾಗಿದ್ದರೆ ಬೆಳವಣಿಗೆ ಮುಗಿಯುವವರೆಗೆ ಕಾಯಬೇಕು, ಇಲ್ಲವೇ ತಾಯಿ ತಂದೆಯ ಗಾತ್ರ ನೋಡಬೇಕು. ಇಲ್ಲೊಂದು ವಿಚಿತ್ರವಿದೆ. ಸಣ್ಣ ತಳಿಯ ಮರಿ ವರ್ಷ ತುಂಬುವ ಮೊದಲೇ ಪೂರ್ತಿ ಬೆಳೆದಿರುತ್ತದೆ. ಗ್ರೇಟ್ ಡೇನ್‌ನಂಥದ್ದು ಒಂದೂವರೆಯಿಂದ ಎರಡು ವರ್ಷದವರೆಗೆ ಬೆಳೆಯುತ್ತಲೇ ಇರುತ್ತದೆ. ಹುಟ್ಟಿದಾಗ ಅರ್ಧ ಕಿಲೋ ಆಸುಪಾಸಿದ್ದ ಮರಿ ಆ ಅವಧಿಯಲ್ಲಿ ಸುಮಾರು ನೂರು ಪಟ್ಟು ಹಿಗ್ಗುತ್ತದೆ. ಹಾಗಾಗಿ ಮೊದಲ ವರ್ಷದಲ್ಲಿ ದೊಡ್ಡ ನಾಯಿಯೇ ಇನ್ನೂ ಎಳೆಯದು. ನಂತರ ಅದು ಸಣ್ಣ ನಾಯಿಯನ್ನು ಹಿಂದೆ ಹಾಕಿ ಮುಪ್ಪಿನ ಕಡೆಗೆ ದೌಡಾಯಿಸುತ್ತದೆ.

ದೊಡ್ಡ ನಾಯಿಗೇ ಏಕೆ ಬೇಗ ಮುಪ್ಪು?

ಪ್ರಾಣಿ ಪ್ರಪಂಚದ ಸಾಮಾನ್ಯ ನಿಯಮ ಇದಕ್ಕೆ ತಿರುಗಮುರುಗ. ಇಲಿಗಿಂತ ಆನೆ, ಆನೆಗಿಂತ ತಿಮಿಂಗಿಲ ಹೆಚ್ಚು ಬಾಳುತ್ತವೆ. ಆದರೆ ನಾಯಿ ಎಂಬ ಒಂದೇ ಪ್ರಭೇದದ ಒಳಗೆ ದೊಡ್ಡದು ಬೇಗ ಸಾಯುತ್ತದೆ. ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾಲಯದ ಕಾರ್ನೆಲಿಯಾ ಕ್ರೌಸ್ ಮತ್ತು ಸಂಗಡಿಗರು 74 ತಳಿಗಳ ಸಾವಿನ ದಾಖಲೆಗಳನ್ನು ಜಾಲಾಡಿ 2013ರಲ್ಲಿ ಒಂದು ಸ್ಪಷ್ಟ ಉತ್ತರ ಕೊಟ್ಟರು. ದೊಡ್ಡ ನಾಯಿಗಳು ಬೇಗ ಸಾಯಲು ಮುಖ್ಯ ಕಾರಣ, ಅವು ಮುದಿಯಾಗುವ ವೇಗವೇ ಹೆಚ್ಚು. ಮುಪ್ಪು ಒಮ್ಮೆ ಶುರುವಾಯಿತೆಂದರೆ ಅದು ಅವುಗಳಲ್ಲಿ ಓಡುತ್ತದೆ. ಮೈತೂಕದಲ್ಲಿ ಹೆಚ್ಚುವ ಪ್ರತಿ 2 ಕೆ.ಜಿ.ಗೆ ಆಯಸ್ಸಿನಲ್ಲಿ ಸುಮಾರು ಒಂದು ತಿಂಗಳು ಕಡಿಮೆಯಾಗುತ್ತದೆ ಎಂಬುದು ಅವರ ಅಂದಾಜು.

ಒಳಗಿನ ಕಾರಣ ಇನ್ನೂ ಪೂರ್ತಿ ಬಿಡಿಸಲಾಗದ ಗಂಟು. ಬೆಳವಣಿಗೆಗೆ ಕುಮ್ಮಕ್ಕು ಕೊಡುವ ಐಜಿಎಫ್-1 ಎಂಬ ಹಾರ್ಮೋನಿನ ಜೀನ್ ನಾಯಿಗಳ ಗಾತ್ರವನ್ನು ನಿರ್ಧರಿಸುವ ಮುಖ್ಯ ಜೀನ್‌ಗಳಲ್ಲೊಂದು ಎಂಬುದು 2007ರಲ್ಲಿ ಗೊತ್ತಾಯಿತು. ದೊಡ್ಡ ತಳಿಗಳ ರಕ್ತದಲ್ಲಿ ಈ ಹಾರ್ಮೋನು ಹೆಚ್ಚು. ಜೀವಕೋಶಗಳು ಬಿರುಸಾಗಿ ವಿಭಜನೆಯಾಗುವಲ್ಲಿ ಕ್ಯಾನ್ಸರಿಗೂ ದಾರಿಯಾಗುತ್ತದೆ ಎಂಬ ವಾದಕ್ಕೆ ಬಲವಿದೆ. ಮೂಳೆಯ ಕ್ಯಾನ್ಸರ್ ದೊಡ್ಡ ಮತ್ತು ದೈತ್ಯ ತಳಿಗಳಲ್ಲೇ ಹೆಚ್ಚಾಗಿ ಕಾಣುವುದು ಇದಕ್ಕೆ ಒಪ್ಪುತ್ತದೆ. ಇಷ್ಟೊಂದು ಗಾತ್ರಭೇದ ಬಂದದ್ದು ಬಹುಮಟ್ಟಿಗೆ ಮನುಷ್ಯ ಆರಿಸಿ ಆರಿಸಿ ಕೂಡಿಸಿದ್ದರಿಂದ ಎಂಬುದನ್ನು ಮರೆಯಬಾರದು. ಮೈಯನ್ನು ಹಿಗ್ಗಿಸಿದೆವು, ಆ ಮೈಯನ್ನು ಹೆಚ್ಚು ಕಾಲ ಬಾಳಿಸುವ ವ್ಯವಸ್ಥೆಯನ್ನು ಜೊತೆಗೆ ಬೆಳೆಸಲಿಲ್ಲ.

ಹಂತ 3: ಮುಕ್ಕಾಲು ಲೆಕ್ಕ ಹಾಕಿ

ಇದೇ ಮುಖ್ಯ ಹಂತ. ಮನುಷ್ಯನ ವಯಸ್ಸಿಗೆ ಬದಲಾಯಿಸುವ ಗೋಜು ಬಿಟ್ಟುಬಿಡಿ. ಅಮೆರಿಕದ ಪ್ರಾಣಿ ಆಸ್ಪತ್ರೆಗಳ ಸಂಘ ತನ್ನ 2019ರ ಮಾರ್ಗಸೂಚಿಯಲ್ಲಿ, ನಿರೀಕ್ಷಿತ ಆಯಸ್ಸಿನ ಕೊನೆಯ ಕಾಲುಭಾಗಕ್ಕೆ ಕಾಲಿಟ್ಟ ನಾಯಿಯನ್ನು ಹಿರಿಯ ನಾಯಿ ಎಂದು ಕರೆಯುತ್ತದೆ. ತಳಿಯ ಸರಾಸರಿ ಆಯಸ್ಸನ್ನು 0.75ರಿಂದ ಗುಣಿಸಿ. ಬಂದ ಅಂಕಿಯೇ ಹಿರಿತನ ಶುರುವಾಗುವ ವಯಸ್ಸು.

ಒಂದೇ ಮನೆಯಲ್ಲಿ ಎರಡು ನಾಯಿಗಳಿವೆ ಎಂದುಕೊಳ್ಳಿ. ಒಂದು 5 ಕೆ.ಜಿ.ಯ ಪುಟ್ಟ ನಾಯಿ, ಇನ್ನೊಂದು 60 ಕೆ.ಜಿ.ಯ ಗ್ರೇಟ್ ಡೇನ್. ಎರಡಕ್ಕೂ ಈಗ ಆರು ತುಂಬಿದೆ. ಏಳರ ಲೆಕ್ಕದಲ್ಲಿ ಎರಡೂ 42ರ ನಡುಹರೆಯದವು. ಈಗ ಮುಕ್ಕಾಲು ಲೆಕ್ಕ ಹಾಕೋಣ. ಪುಟ್ಟ ತಳಿಯ ಆಯಸ್ಸು 14 ಎಂದು ಹಿಡಿದರೆ ಹಿರಿತನ ಹತ್ತೂವರೆಗೆ. ಅದಕ್ಕಿನ್ನೂ ನಾಲ್ಕೂವರೆ ವರ್ಷ ಬಾಕಿ. ಗ್ರೇಟ್ ಡೇನ್‌ಗೆ 8 ಎಂದು ಹಿಡಿದರೆ ಆರಕ್ಕೇ ಹಿರಿತನ. ಅಂದರೆ ಅದು ಇವತ್ತೇ ಹಿರಿಯ ನಾಯಿ. ಒಂದೇ ದಿನ ಹುಟ್ಟಿದ, ಒಂದೇ ಬಟ್ಟಲಿನ ಪಕ್ಕ ಮಲಗುವ ಎರಡು ಜೀವಗಳ ನಡುವೆ ಇಷ್ಟು ಅಂತರ. ಇನ್ನು 12 ವರ್ಷ ಆಯಸ್ಸಿನ ಲ್ಯಾಬ್ರಡಾರ್ ಆಗಿದ್ದರೆ ಒಂಬತ್ತಕ್ಕೆ.

ಮಿಶ್ರ ತಳಿಯ ನಾಯಿಗೆ ಅದೇ ಗಾತ್ರದ ತಳಿಗಳ ಆಯಸ್ಸನ್ನು ಹಿಡಿಯಬಹುದು. ಹುಟ್ಟಿದ ದಿನವೇ ಗೊತ್ತಿಲ್ಲದಿದ್ದರೆ ಪಶುವೈದ್ಯರು ಹಲ್ಲು ಮತ್ತು ಕಣ್ಣು ನೋಡಿ ಹೇಳುತ್ತಾರೆ. ಏಳು ತಿಂಗಳವರೆಗೆ ಹಲ್ಲು ಬಲು ನಂಬಿಕಸ್ಥ ಸಾಕ್ಷಿ. ಆಮೇಲೆ ಸವೆತ, ಪಾಚಿ ನೋಡಿ ಹೇಳುವುದು ಬರೀ ಅಂದಾಜು. ಮೂತಿ ನರೆತಿದ್ದನ್ನು ನೋಡಿ ವಯಸ್ಸು ಕಟ್ಟಬೇಡಿ. ಕೆಲವು ನಾಯಿಗಳಿಗೆ ಎರಡು ಮೂರು ವರ್ಷಕ್ಕೇ ನರೆ ಬರುತ್ತದೆ.

ಹಂತ 4: ಆ ವಯಸ್ಸಿನಿಂದ ಏನು ಬದಲಾಗಬೇಕು

ವರ್ಷಕ್ಕೊಂದು ತಪಾಸಣೆ ಇದ್ದದ್ದು ಎರಡಾಗಲಿ, ರಕ್ತ ಮತ್ತು ಮೂತ್ರ ಪರೀಕ್ಷೆಯೂ ಸೇರಲಿ. ಆದರೆ ಕಣ್ಣಿಡಬೇಕಾದ ಜಾಗ ಗಾತ್ರದ ಮೇಲೆ ಹೋಗುತ್ತದೆ. ಸಣ್ಣ ನಾಯಿಗಳಲ್ಲಿ ಹಲ್ಲು ವಸಡಿನ ಕಾಯಿಲೆ, ಹೃದಯದ ಕವಾಟ ಸಡಿಲವಾಗುವುದು ಸಾಮಾನ್ಯ. ದೊಡ್ಡವುಗಳಲ್ಲಿ ಕೀಲುನೋವು, ಹೃದಯದ ಸ್ನಾಯು ತೆಳುವಾಗಿ ಹಿಗ್ಗುವುದು, ಮೂಳೆಯ ಗಡ್ಡೆ. ಪೆಟ್ಟು ಬೀಳದೆಯೇ ದೊಡ್ಡ ನಾಯಿ ವಾರಗಟ್ಟಲೆ ಕುಂಟಿದರೆ, ಕಾಲಿನ ಮೇಲೆ ಗಟ್ಟಿ ಊತ ಕಂಡರೆ ಎಕ್ಸ್-ರೇ ತಡಮಾಡಬೇಡಿ. ಆಳವಾದ ಎದೆಯ ದೊಡ್ಡ ನಾಯಿಯ ಹೊಟ್ಟೆ ಉಬ್ಬಿ, ವಾಂತಿಗೆ ಒಕರಿಸಿದರೂ ಏನೂ ಬಾರದಿದ್ದರೆ ಜಠರ ತಿರುಚಿಕೊಂಡಿರಬಹುದು. ಆಗ ಬೆಳಗಾಗಲಿ ಎಂದು ಕಾಯುವಂತಿಲ್ಲ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಒಯ್ಯಬೇಕು.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಯಾವ ಗಾತ್ರದ ನಾಯಿಗೂ ಸಲ್ಲುತ್ತದೆ. ನಾಯಿ ಗಾಢ ನಿದ್ದೆಯಲ್ಲಿರುವಾಗ ಎದೆ ಏರಿ ಇಳಿಯುವುದನ್ನು ಒಂದು ನಿಮಿಷ ಎಣಿಸಿ. ಏರಿದ್ದು ಇಳಿದದ್ದು ಸೇರಿ ಒಂದು ಉಸಿರು. 30ರ ಕೆಳಗಿರಬೇಕು. ಕನಸು ಕಾಣುತ್ತಾ ಕಾಲು ಅಲ್ಲಾಡಿಸುತ್ತಿದ್ದರೆ ಆ ಎಣಿಕೆ ಬಿಟ್ಟು ಮತ್ತೆ ಎಣಿಸಿ. ಮೇಲಿಂದ ಮೇಲೆ 30 ದಾಟುತ್ತಿದ್ದರೆ ಹೃದಯವನ್ನೋ ಶ್ವಾಸಕೋಶವನ್ನೋ ಪರೀಕ್ಷಿಸಬೇಕೆಂದು ಅರ್ಥ.

ನಾನು ಹೆಚ್ಚಾಗಿ ಕೇಳುವ, ಕೇಳಿದಾಗಲೆಲ್ಲ ಸಂಕಟವಾಗುವ ಮಾತೊಂದಿದೆ: "ವಯಸ್ಸಾಯ್ತಲ್ಲ, ಅದಕ್ಕೇ ಏಳಲ್ಲ." ಮುಪ್ಪು ಕಾಯಿಲೆಯಲ್ಲ. ಎದ್ದೇಳಲು ಒದ್ದಾಡುವ ನಾಯಿಗೆ ಬಹುತೇಕ ನೋವಿರುತ್ತದೆ, ನೋವಿಗೆ ಔಷಧಿಯಿದೆ. ಆದರೆ ಮನುಷ್ಯರ ನೋವಿನ ಮಾತ್ರೆಯನ್ನು ಕೊಡಲೇಬೇಡಿ. ಐಬುಪ್ರೊಫೇನ್‌ನಂಥವು ನಾಯಿಗೆ ವಿಷ.

ಹಂತ 5: ಬದಲಾಯಿಸಬಹುದಾದದ್ದನ್ನು ಬದಲಾಯಿಸಿ

ಎಲುಬಿನ ಹಂದರ ನಮ್ಮ ಕೈಯಲ್ಲಿಲ್ಲ, ಬೊಜ್ಜು ಇದೆ. 2002ರಲ್ಲಿ ಪ್ರಕಟವಾದ ಒಂದು ದೀರ್ಘ ಅಧ್ಯಯನದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ಜೋಡಿ ಜೋಡಿಯಾಗಿ ಗಮನಿಸಲಾಯಿತು. ಜೋಡಿಯ ಒಂದು ನಾಯಿಗೆ ಇನ್ನೊಂದಕ್ಕಿಂತ ಕಾಲುಭಾಗ ಕಡಿಮೆ ಆಹಾರ. ಕಡಿಮೆ ತಿಂದ ಗುಂಪಿನ ಮಧ್ಯಕ ಆಯಸ್ಸು 13 ವರ್ಷ, ಇನ್ನೊಂದರದು 11.2. ಕೀಲುನೋವಿಗೆ ಚಿಕಿತ್ಸೆ ಬೇಕಾದದ್ದೂ ಕಡಿಮೆ ತಿಂದವಕ್ಕೇ ತಡವಾಗಿ.

ನಿಮ್ಮ ನಾಯಿಗೆ ಕಣ್ಣಳತೆಯಲ್ಲಿ ಕಾಲುಭಾಗ ಕಡಿತ ಮಾಡಿ ಎಂದು ಇದರರ್ಥವಲ್ಲ. ಈಗಾಗಲೇ ತೆಳ್ಳಗಿರುವ ನಾಯಿಗೆ ಅದು ಅನ್ಯಾಯ. ಆಹಾರವನ್ನು ತೂಗಿ ಹಾಕಿ, ಎರಡು ವಾರಕ್ಕೊಮ್ಮೆ ಪಕ್ಕೆ ಸವರಿ ನೋಡಿ, ಸಿಗದಿದ್ದರೆ ಹತ್ತರಲ್ಲೊಂದು ಪಾಲು ತಗ್ಗಿಸಿ. ಹಿರಿಯ ನಾಯಿ ಊಟ ತಗ್ಗಿಸದೆಯೇ ಸೊರಗುತ್ತಿದ್ದರೆ ಅದನ್ನು ಒಳ್ಳೆಯ ಲಕ್ಷಣವೆಂದು ತಿಳಿಯದೆ ಪಶುವೈದ್ಯರಿಗೆ ತೋರಿಸಿ.